ನೀರ್ ದೋಸೆ ವಿಡಿಯೋ: ಮೊದಲು ತಂಬ್‌ನೇಲ್, ಆಮೇಲೆ ಒಲೆ

ಸ್ಕ್ರಿಪ್ಟ್ ಬರೆಯುವಾಗಲೇ ಟೈಟಲ್ಲೂ ತಂಬ್‌ನೇಲೂ ಗೊತ್ತು ಮಾಡ್ಕೋತೀನಿ ಅಂದಿದ್ದಕ್ಕೆ ಅಡುಗೆ ಚಾನೆಲ್ ನಡೆಸುವ ಗೆಳತಿಯರು, "ದೋಸೆ ಎದ್ದ ಮೇಲಲ್ವೇನೇ ಫೋಟೋ?" ಅಂತ ನಕ್ಕಿದ್ದರು. ನೀರ್ ದೋಸೆ ವಿಡಿಯೋದ ಲೆಕ್ಕ ನೋಡಿದ ಮೇಲೆ ಯಾರೂ ನಗುತ್ತಿಲ್ಲ.

ಹಳೆಯ ವಿಡಿಯೋದ ಟೈಟಲ್ 'ನೀರ್ ದೋಸೆ ಮಾಡುವ ವಿಧಾನ'. ತಂಬ್‌ನೇಲ್ ಆಗ ವಿಡಿಯೋದಿಂದಲೇ ಕತ್ತರಿಸಿದ ಒಂದು ಫ್ರೇಮ್, ಬಿಳಿ ತಟ್ಟೆಯ ಮೇಲೆ ಬಿಳಿ ದೋಸೆ. ವಿಡಿಯೋಗೆ ಶಟರ್ 1/50 ಸೆಕೆಂಡಿನಷ್ಟು ನಿಧಾನವಿರುತ್ತೆ, ಹಾಗಾಗಿ ಎತ್ತುವ ಕೈಯೂ ದೋಸೆಯ ಅಂಚೂ ಕಲಸಿಹೋಗಿದ್ದವು. ಡಿಸೈನರ್‌ಗೆ ಒಂದಕ್ಕೆ ಮುನ್ನೂರೈವತ್ತರಂತೆ ಮೂರು ವಿಡಿಯೋಗೆ ಸಾವಿರದ ಚಿಲ್ಲರೆ ಕೊಟ್ಟೆ. ಕೆಂಪು ಬಾಣ, ಹಳದಿ ಅಕ್ಷರ ಬಂತು, ಅಷ್ಟೇ. ದೋಸೆಯ ಬಲೆಯಂಥ ತೂತು ಫ್ರೇಮಿನಲ್ಲೇ ಇಲ್ಲ, ಅದನ್ನು ಅವನಾದರೂ ಎಲ್ಲಿಂದ ತರ್ತಾನೆ?

ಈಗ ಹಾಳೆಯ ತಲೆಗೆ ಟೈಟಲ್, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಚೌಕ, ಆಮೇಲೆ ಸ್ಕ್ರಿಪ್ಟ್. ಈ ವಿಡಿಯೋಗೆ ಬರೆದದ್ದು 'ನೀರ್ ದೋಸೆಗೆ ಬಲೆಯಂಥ ತೂತು ಬರ್ತಿಲ್ವಾ?' ಈ ಪ್ರಶ್ನೆ ಬಿದ್ದ ಕೂಡಲೇ ಸ್ಕ್ರಿಪ್ಟ್ ತಾನಾಗಿ ಬದಲಾಯಿತು. ಅಕ್ಕಿ ತೊಳೆಯುವುದು, ನೆನೆಸುವುದು ಎಲ್ಲ ಹಿಂದಕ್ಕೆ ಹೋಗಿ, ಮೊದಲ ಇಪ್ಪತ್ತು ಸೆಕೆಂಡಿಗೆ ತೂತಿಲ್ಲದ ದೋಸೆ, ತೂತಿರುವ ದೋಸೆ ಎರಡೂ ಅಕ್ಕಪಕ್ಕ ಬೇಕಾಯಿತು. ಅಂದರೆ ಬೇಕೆಂದೇ ಒಂದು ಕೆಟ್ಟ ದೋಸೆ ಹೊಯ್ಯಬೇಕು. ಒಂದು ಲೋಟ ದೋಸೆ ಅಕ್ಕಿಗೆ ರುಬ್ಬಿದ್ದೂ ಸೇರಿ ಸುಮಾರು ಎರಡೂವರೆ ಲೋಟ ನೀರು ನನ್ನ ಅಳತೆ. ಪೂರ್ತಿ ನೀರು ಬೆರೆಸುವ ಮೊದಲೇ ಒಂದು ಬಟ್ಟಲು ಗಟ್ಟಿ ಹಿಟ್ಟು ತೆಗೆದಿಟ್ಟೆ. ಸ್ಕ್ರಿಪ್ಟಿನಲ್ಲಿ ಹೇಳುವ ಕಾರಣವೂ ಅದೇ: ಹಿಟ್ಟು ತಳಕ್ಕೆ ಕೂರುತ್ತೆ, ಪ್ರತಿ ಸೌಟಿಗೂ ತಳದಿಂದ ಕಲಕದಿದ್ದರೆ ಮೊದಲ ದೋಸೆ ಬರೀ ನೀರು, ಕೊನೆಯವು ದಪ್ಪ. ಕಾವಲಿ ಸರಿಯಾಗಿ ಕಾಯದಿದ್ದರೆ ಹಿಟ್ಟು ಚುಯ್ ಅನ್ನದೆ ಸುಮ್ಮನೆ ಹರಡಿಕೊಳ್ಳುತ್ತೆ, ಆಗಲೂ ತೂತಿಲ್ಲ.

ಚೌಕದಲ್ಲಿ ಮೊದಲು ಬರೆದ ಚಿತ್ರ ದೋಸೆಯನ್ನು ಕಿಟಕಿಗೆ ಹಿಡಿದದ್ದು. ತೆಗೆದು ನೋಡಿದರೆ ಒದ್ದೆ ಬಟ್ಟೆ ಒಣಹಾಕಿದ ಹಾಗಿತ್ತು, ಬೆಳಕು ಹಿಂದಿದ್ದರೆ ಬಿಳಿ ದೋಸೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಅರ್ಧ ಡಜನ್ ದೋಸೆ, ಒಂದು ಬೆಳಗ್ಗೆ ಹಾಳು. ಆಮೇಲೆ ಹೊಳೆದದ್ದು: ಕಪ್ಪು ಕಬ್ಬಿಣದ ಕಾವಲಿಯ ಮೇಲೇ ದೋಸೆಯನ್ನು ಅರ್ಧ ಎತ್ತಿ ಹಿಡಿದರೆ ಪ್ರತಿ ತೂತಿನಲ್ಲೂ ಕಾವಲಿಯ ಕಪ್ಪು ಕಾಣುತ್ತೆ. ಕಿಟಕಿ ಎಡಗಡೆ ಇರಲಿ. ಮೊದಲ ನಾಲ್ಕು ದೋಸೆಗೆ ಕಾವಲಿ ಹದಕ್ಕೆ ಬಂದಿರಲ್ಲ, ಆದ್ದರಿಂದ ಐದನೆಯದು ತಂಬ್‌ನೇಲ್‌ಗೇ ಮೀಸಲು ಅಂತ ಶಾಟ್ ಪಟ್ಟಿಯಲ್ಲೇ ಬರೆದಿರುತ್ತೇನೆ. ವಿಡಿಯೋ ನಿಲ್ಲಿಸಿ, ಮುಚ್ಚಳ ತೆಗೆದ ಹಬೆ ಲೆನ್ಸಿನಿಂದ ಹೋಗುವ ತನಕ ಕಾದು, ಶಟರ್ 1/250ಕ್ಕೆ ಏರಿಸಿ, ಬಿಳಿ ಸುಡದಂತೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ ಹತ್ತಿಪ್ಪತ್ತು ಫೋಟೋ. ಆ ಐದನೆಯದಕ್ಕೆ ಮುಂಚೆ ಕಾವಲಿಗೆ ಏನು ಸವರುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ತಂಬ್‌ನೇಲಿನ ಮೇಲಿನ ಅಕ್ಷರದಲ್ಲಿ ಎಡವಿದ್ದು ಹೆಚ್ಚು. 'ಪರ್ಫೆಕ್ಟ್ ನೀರ್ ದೋಸೆ' ಅಂತ ಹಾಕಿ ಕಪ್ಪು ಅಂಚು ಕಟ್ಟಿದರೆ, ಲ್ಯಾಪ್‌ಟಾಪಿನಲ್ಲಿ ಚಂದ. ಮೊಬೈಲಿನಲ್ಲಿ ಒತ್ತಕ್ಷರವೂ ಅರ್ಕಾವೊತ್ತೂ ಒಂದಕ್ಕೊಂದು ಅಂಟಿ ಮಸಿಯ ಗುಡ್ಡೆ. ಈಗ ಒತ್ತಿಲ್ಲದ ಪದ ಹುಡುಕುತ್ತೇನೆ, ಇದಕ್ಕೆ ಸಿಕ್ಕಿದ್ದು 'ತೂತು ಬೇಕಾ?' ಟೈಟಲ್ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದೂ ಇಲ್ಲ. ಅಕ್ಷರ ಎಡ ಮೇಲ್ಮೂಲೆಗೆ, ಯಾಕಂದರೆ ಬಲ ಕೆಳಮೂಲೆಯನ್ನು ವಿಡಿಯೋದ ಅವಧಿ ನುಂಗುತ್ತೆ. 1280×720ರ ಚಿತ್ರವನ್ನು ಫೋನಿನಲ್ಲಿ ಎರಡು ಬೆರಳಗಲಕ್ಕೆ ಕುಗ್ಗಿಸಿ, ತೋಳು ಚಾಚಿ ಹಿಡಿದು ಓದಲಾಗದಿದ್ದರೆ ಮತ್ತೆ ಮಾಡುತ್ತೇನೆ.

ಮಧ್ಯೆ ಒಂದು ಆಟ: ಒಂದೇ ವಿಡಿಯೋಗೆ ಬೇರೆ ಬೇರೆ ತಂಬ್‌ನೇಲ್ ತೋರಿಸಿ ಹೋಲಿಸುವ ಯೂಟ್ಯೂಬಿನ Test & compare ಹಾಕಿ ಅಕ್ಷರ ಇರುವುದು, ಇಲ್ಲದ್ದು, ಕಾಯಿಚಟ್ನಿ ತಟ್ಟೆಯದ್ದು ಮೂರನ್ನೂ ಬಿಟ್ಟೆ. ಚಟ್ನಿ ಸೋತಿತು, ಊಟದ ತಟ್ಟೆಯಲ್ಲಿ ತೂತು ಯಾರ ಕಣ್ಣಿಗೂ ಬೀಳಲ್ಲ. ಅಕ್ಷರದ್ದು ಸ್ವಲ್ಪ ಮುಂದೆ. ಆದರೆ ಈ ಪರೀಕ್ಷೆ ಜನ ನೋಡಿದ ಸಮಯದ ಮೇಲೆ ತೀರ್ಪು ಕೊಡುತ್ತೆ, ಕ್ಲಿಕ್ ಮೇಲಲ್ಲ. ಟೈಟಲ್ಲಿನ ಕೊನೆಗೆ Neer Dosa ಅಂತ ಇಂಗ್ಲಿಷಿನಲ್ಲೂ ಸೇರಿಸುತ್ತೇನೆ, ಹುಡುಕುವವರು ಬಹಳ ಮಂದಿ ಹಾಗೇ ಟೈಪ್ ಮಾಡೋದು.

ನೆನಪಿನ ಲೆಕ್ಕ ಹೇಳಬೇಕೆಂದರೆ, ಕ್ಲಿಕ್ ಪ್ರಮಾಣ ಶೇಕಡಾ ಮೂರರ ಆಸುಪಾಸಿನಿಂದ ಆರೂವರೆ ಏಳಕ್ಕೆ ಬಂತು. ಮೂವತ್ತನೇ ಸೆಕೆಂಡಿಗೆ ಅರ್ಧಕ್ಕರ್ಧ ಜನ ಎದ್ದು ಹೋಗುತ್ತಿದ್ದರು, ಈಗ ನೂರಕ್ಕೆ ಅರವತ್ತೈದು ಮಂದಿ ಕೂತಿರುತ್ತಾರೆ. ಚಿತ್ರದಲ್ಲಿ ಕಂಡ ದೋಸೆ ಮೊದಲ ಶಾಟಿನಲ್ಲೇ ಸಿಗುತ್ತಲ್ಲ, ಅದಕ್ಕೆ.

ಸಾರಿನ ವಿಡಿಯೋಗೆ ಮಾತ್ರ ಇದು ಕೈಕೊಟ್ಟಿದೆ. ಯಾವ ಸಾರಾದರೂ ಮೇಲಿಂದ ಒಂದೇ ಬಣ್ಣ. ಒಗ್ಗರಣೆ ಬೀಳುವ ಕ್ಷಣಕ್ಕೆ ಮೂರು ಸಲ ಪ್ರಯತ್ನಿಸಿ, ಮೂರು ಸಲವೂ ಲೆನ್ಸಿಗೆ ಎಣ್ಣೆ ಹಾರಿಸಿಕೊಂಡಿದ್ದೇನೆ.