ಬೆಂಡಾದ ಮೂಲಂಗಿ ಬಿಡಿ, ಬಾಡಿದ್ದನ್ನು ತಣ್ಣೀರಿಗೆ ಹಾಕಿ

ಕಾರವಾರದ ರವಿವಾರದ ಸಂತೆಯಲ್ಲಿ ಹೊತ್ತೇರಿದ ಮೇಲೆ ಎರಡು ಬಗೆಯ ಮೂಲಂಗಿ ಕಾಣುತ್ತದೆ. ಒಂದು ದಪ್ಪಗೆ, ಬೆಳ್ಳಗೆ, ನೀರು ಚಿಮುಕಿಸಿ ಹೊಳೆಯುವಂತೆ ಜೋಡಿಸಿಟ್ಟದ್ದು. ಇನ್ನೊಂದು ಬಿಸಿಲಿಗೆ ಸೊರಗಿ, ಎತ್ತಿದರೆ ತುದಿ ಬಾಗುವಂಥದ್ದು. ಹಸಿ ಕೋಸಂಬರಿಗೆ ಬೇಕು ಎಂದಾದರೆ ಆ ಹೊಳಪಿಗಿಂತ ಈ ಬಾಗುವುದರ ಮೇಲೆಯೇ ನನಗೆ ಭರವಸೆ ಹೆಚ್ಚು. ಬಾಡಿದ್ದು ಒಳಗೆ ಗಟ್ಟಿಯಾಗಿದ್ದರೆ ಮನೆಯಲ್ಲಿ ಸರಿಮಾಡಿಕೊಳ್ಳಬಹುದು. ಬೆಂಡಾದದ್ದನ್ನು ಎಷ್ಟು ಹೊತ್ತು ನೀರಲ್ಲಿಟ್ಟರೂ ಅದು ಬೆಂಡೇ.

ಎರಡರಲ್ಲೂ ಆಗಿರುವುದು ಬೇರೆ ಬೇರೆ. ಬಾಡಿದ ಗಡ್ಡೆಯಲ್ಲಿ ಜೀವಕೋಶಗಳು ಸರಿಯಾಗೇ ಇರುತ್ತವೆ, ಒಳಗಿನ ನೀರು ಮಾತ್ರ ಇಳಿದಿರುತ್ತದೆ. ನೀರು ಸಿಕ್ಕರೆ ಅವು ಮತ್ತೆ ಎಳೆದುಕೊಂಡು ಬಿಗಿಯಾಗುತ್ತವೆ. ಬೆಂಡಾದ ಮೂಲಂಗಿಯಲ್ಲಿ ನಡುವಿನ ಕೋಶಗಳೇ ಬರಿದಾಗಿ, ಅವುಗಳ ನಡುವೆ ಗಾಳಿ ತುಂಬಿಕೊಂಡಿರುತ್ತದೆ. ಕೀಳುವ ಕಾಲ ಮೀರಿದರೆ, ಸೆಕೆಯಲ್ಲಿ ಬೆಳೆದರೆ, ಹೂವಿನ ದಂಟು ಎದ್ದರೆ ಹೀಗಾಗುತ್ತದೆ. ನಮ್ಮ ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆದು ಚಳಿಗಾಲದಲ್ಲಿ ಬರುವ ಮೂಲಂಗಿ ಚೆನ್ನಾಗಿರುತ್ತದೆ. ಸೆಕೆ ಏರಿದ ಮೇಲೆ ಬಂದದ್ದನ್ನು ಪ್ರತಿಯೊಂದನ್ನೂ ನೋಡಿಯೇ ತೆಗೆದುಕೊಳ್ಳಬೇಕು.

ಎಲೆ ಇರುವ ಮೂಲಂಗಿ ಸಿಕ್ಕಿದರೆ ಒಳಗನ್ನು ಕೊಯ್ಯದೆಯೇ ತಿಳಿಯಬಹುದು. ಹೊರಸುತ್ತಿನ ಒಂದು ಎಲೆದಂಟನ್ನು ಗಡ್ಡೆಯಿಂದ ಎರಡು ಬೆರಳು ಮೇಲಕ್ಕೆ ಮುರಿದು, ಮುರಿದ ಜಾಗ ನೋಡಿ. ಹಸಿರಾಗಿ, ನೀರುನೀರಾಗಿ, ತುಂಬಿಕೊಂಡಿದ್ದರೆ ಗಡ್ಡೆಯೂ ತುಂಬಿರುತ್ತದೆ. ನಡುವೆ ಬಿಳಿ ಹತ್ತಿಯಂತಿದ್ದರೆ ಅಥವಾ ಟೊಳ್ಳಾಗಿದ್ದರೆ ಗಡ್ಡೆಯಲ್ಲೂ ಬೆಂಡು ಶುರುವಾಗಿದೆ ಎಂದೇ ಲೆಕ್ಕ. ‘ಅಕ್ಕಾ, ಒಂದು ದಂಟು ಮುರೀಲಾ?’ ಎಂದು ಕೇಳಿ ಮುರಿದರೆ ಯಾರೂ ಬೇಡ ಅನ್ನುವುದಿಲ್ಲ. ಕೇಳದೆ ಗಡ್ಡೆಗೆ ಉಗುರು ಚುಚ್ಚಿದರೆ ಬೈಸಿಕೊಳ್ಳಬೇಕಾಗುತ್ತದೆ, ಅದು ನ್ಯಾಯವೂ ಹೌದು. ಎಲೆಗಳ ನಡುವೆ ಹೂವಿನ ದಂಟು ಎದ್ದಿದ್ದರೆ ಮುರಿದು ನೋಡುವ ಕೆಲಸವೂ ಬೇಡ, ಆ ಕಟ್ಟನ್ನೇ ಬಿಡಿ.

ಎಲೆ ಕೊಯ್ದು ಮಾರುವ ಕಡೆ ತೂಕವೇ ಗತಿ. ಒಂದೇ ಉದ್ದ, ಒಂದೇ ದಪ್ಪದ ಎರಡನ್ನು ಎರಡು ಕೈಯಲ್ಲಿ ಹಿಡಿದರೆ ಬೆಂಡಾದದ್ದು ಹಗುರ ಎಂದು ತಕ್ಷಣ ತಿಳಿಯುತ್ತದೆ. ಬೆರಳಿಂದ ತಟ್ಟಿದರೂ ಸದ್ದು ಪೊಳ್ಳಾಗಿ ಬರುತ್ತದೆ. ಮೋಸ ಹೋಗುವುದು ಇಲ್ಲೇ: ಬೆಂಡಾದದ್ದು ಎಷ್ಟೋ ಸಲ ಬಾಗುವುದಿಲ್ಲ, ಹೊರಗಿನಿಂದ ನೆಟ್ಟಗೆ, ಬಿಗಿಯಾಗೇ ಇರುತ್ತದೆ. ನೆಟ್ಟಗಿದ್ದೂ ಹಗುರ ಅನ್ನಿಸಿದರೆ ಬಿಡಿ. ಬಾಗಿದರೂ ಕೈಗೆ ಭಾರ ಬಂದರೆ ತೆಗೆದುಕೊಳ್ಳಬಹುದು. ಒಂದೇ ರಾಶಿಯಲ್ಲಿ ಮಧ್ಯಮ ಗಾತ್ರದ್ದು ಇರುವಾಗ ಅತಿ ದಪ್ಪಗಿನದನ್ನು ನಾನು ಮುಟ್ಟುವುದಿಲ್ಲ.

ಕ್ಯಾರೆಟ್‌ಗೆ ಹೀಗೆ ಬೆಂಡು ಬರುವುದು ಕಡಿಮೆ. ಅಲ್ಲಿನ ತೊಂದರೆ ನಡುವಿನ ಗಟ್ಟಿ ತಿರುಳು. ಅದನ್ನು ತೊಟ್ಟಿನ ಹತ್ತಿರ ನೋಡಬೇಕು. ಎಲೆ ಕೊಯ್ದ ಗುರುತಿನ ಸುತ್ತಳತೆ ಚಿಕ್ಕದಿದ್ದರೆ ತಿರುಳೂ ಸಣ್ಣದು. ಅಗಲವಾಗಿದ್ದರೆ ಒಳಗೆ ತಿಳಿಬಣ್ಣದ ದಪ್ಪ ತಿರುಳಿದೆ, ಸಿಹಿ ಕಡಿಮೆ, ತುರಿಯುವಾಗ ನಾರು. ಭುಜ ಹಸಿರಾಗಿದ್ದರೆ ಅದು ಮಣ್ಣಿನಿಂದ ಮೇಲೆದ್ದು ಬಿಸಿಲು ಕಂಡ ಭಾಗ, ಕಹಿಯಾಗಿರುತ್ತದೆ, ಅಷ್ಟನ್ನು ಕೊಯ್ದು ಬಿಸಾಡಿದರೆ ಸಾಕು. ಮೈತುಂಬ ಬಿಳಿ ಬೇರು ಬಿಟ್ಟದ್ದು, ಉದ್ದಕ್ಕೆ ಸೀಳಿದ್ದು ಬೇಡ.

ಇನ್ನು ನೀರಿನ ಕೆಲಸ. ಸೋಮವಾರ ಮಧ್ಯಾಹ್ನದ ಊಟಕ್ಕೆ ಕೋಸಂಬರಿ, ಅರ್ಧ ಕಿಲೋ ಮೂಲಂಗಿ, ಅರ್ಧ ಕಿಲೋ ಕ್ಯಾರೆಟ್, ಎರಡೂ ಸಂತೆಯಲ್ಲೇ ಬಾಡಿದ್ದು ಎಂದಿಟ್ಟುಕೊಳ್ಳಿ. ಮನೆಗೆ ಬಂದ ಕೂಡಲೇ ನಾನು ಮೊದಲು ಎಲೆ ಕೊಯ್ಯುತ್ತೇನೆ. ಕಿತ್ತ ಮೇಲೂ ಎಲೆ ಗಡ್ಡೆಯ ನೀರನ್ನು ಎಳೆದು ಗಾಳಿಗೆ ಬಿಡುತ್ತಲೇ ಇರುತ್ತದೆ. ಎಳೆಯ ಎಲೆ ಇದ್ದರೆ ಪಲ್ಯಕ್ಕಾಯಿತು. ಮಣ್ಣು ತೊಳೆದು, ಬಾಲದ ಕಡೆ ಅರ್ಧ ಸೆಂಟಿಮೀಟರ್, ತೊಟ್ಟಿನ ಕಡೆ ತೆಳ್ಳಗೆ ಒಂದು ಬಿಲ್ಲೆ ಕೊಯ್ಯುತ್ತೇನೆ. ಒಣಗಿದ ತುದಿ ಹೋಗಿ ಹಸಿ ಭಾಗ ತೆರೆದರೆ ನೀರು ಬೇಗ ಒಳಗೆ ಹೋಗುತ್ತದೆ. ಮೂಲಂಗಿ ಉದ್ದವಿದ್ದರೆ ಅಡ್ಡಕ್ಕೆ ಎರಡು ತುಂಡು. ಸಿಪ್ಪೆ ಹೆರೆಯುವುದು ಆಮೇಲೆ.

ಮುಚ್ಚಳವಿರುವ ಡಬ್ಬಿಯಲ್ಲಿ ಎರಡು ಲೀಟರ್ ಕುಡಿಯುವ ನೀರು, ಫ್ರಿಜ್ಜಿನ ಒಂದು ಟ್ರೇ ಐಸ್, ಗಡ್ಡೆಗಳು ಪೂರ್ತಿ ಮುಳುಗಬೇಕು. ತೇಲಿದರೆ ಮೇಲೊಂದು ತಟ್ಟೆ ಇಟ್ಟು ಫ್ರಿಜ್ಜಿನಲ್ಲಿಡಿ. ಮೂಲಂಗಿ ತುಂಡು ಒಂದೆರಡು ಗಂಟೆಯಲ್ಲೇ ಬಿಗಿಯಾಗತೊಡಗುತ್ತದೆ. ಇಡೀ ಕ್ಯಾರೆಟ್‌ಗೆ ರಾತ್ರಿಯಿಡೀ ಬೇಕು; ಅವಸರವಿದ್ದರೆ ಉದ್ದಕ್ಕೆ ಸೀಳಿ ಹಾಕಿದರೆ ಎರಡು ಗಂಟೆ. ಮೂಲಂಗಿಯನ್ನು ತೆಳ್ಳಗೆ ಬಿಲ್ಲೆ ಮಾಡಿದ್ದರೆ ಇಪ್ಪತ್ತು ನಿಮಿಷ ಸಾಕು. ಬಿಲ್ಲೆಯನ್ನು ಗಂಟೆಗಟ್ಟಲೆ ಬಿಟ್ಟರೆ ಖಾರ, ಸಿಹಿ ಎಲ್ಲ ನೀರಿಗೇ ಹೋಗಿ ಸಪ್ಪೆಯಾಗುತ್ತದೆ.

ಕೆಲಸ ಆಯಿತೋ ಇಲ್ಲವೋ ತಕ್ಕಡಿಯೇ ಹೇಳುತ್ತದೆ. ಕ್ಯಾರೆಟ್ ತನ್ನ ತೂಕದಲ್ಲಿ ನೂರಕ್ಕೆ ಎಂಟರಷ್ಟು ನೀರು ಕಳೆದುಕೊಂಡರೆ ಮೆತ್ತಗಾಗಿಬಿಡುತ್ತದೆ. ಅರ್ಧ ಕಿಲೋಕ್ಕೆ ಅದು 40 ಗ್ರಾಂ ಅಷ್ಟೇ. ತುದಿ ಕೊಯ್ದ ಮೇಲೆ ಒಮ್ಮೆ ತೂಗಿ, ನೆನೆದ ಮೇಲೆ ಒರೆಸಿ ಮತ್ತೊಮ್ಮೆ ತೂಗಿ ನೋಡಿದರೆ ತೂಕ ಏರಿದ್ದು ಕಾಣುತ್ತದೆ. ತಕ್ಕಡಿ ಇಲ್ಲದಿದ್ದರೆ ಬಾಗಿಸಿ ನೋಡಿ, ಲಟಕ್ಕನೆ ಮುರಿಯಬೇಕು.

ತಣ್ಣೀರೇ ಯಾಕೆ ಎಂದರೆ, ತಂಪಿನಿಂದ ನೀರು ಬೇಗ ಒಳಗೆ ಹೋಗುತ್ತದೆ ಅಂತಲ್ಲ. ನಮ್ಮ ಸೆಕೆಯಲ್ಲಿ ಹೊರಗಿಟ್ಟ ನೀರಲ್ಲಿ ಕೊಯ್ದ ಗಡ್ಡೆ ರಾತ್ರಿ ಕಳೆಯುವುದರೊಳಗೆ ಲೋಳೆ ಹಿಡಿಯಬಹುದು. ತಂಪಿನಲ್ಲಿ ಅದು ತಡವಾಗುತ್ತದೆ, ಗಡ್ಡೆಯೂ ತನ್ನ ಸಿಹಿಯನ್ನು ಬೇಗ ಸುಟ್ಟುಕೊಳ್ಳುವುದಿಲ್ಲ. ನೀರಿಗೆ ಉಪ್ಪು ಹಾಕುವ ಅಭ್ಯಾಸ ಕೆಲವರಿಗಿದೆ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ, ಅಂದರೆ ಬೇಕಾದ್ದರ ಉಲ್ಟಾ. ಅದೇ ಕಾರಣಕ್ಕೆ ಕೋಸಂಬರಿಗೂ ಉಪ್ಪು ಬಡಿಸುವ ಹೊತ್ತಿಗೆ ಹಾಕಿ.

ರಾತ್ರಿಯಿಡೀ ನೆನೆದೂ ಬಾಗುವ ಕ್ಯಾರೆಟ್ ಇದ್ದರೆ ಅದರ ಕೋಶಗಳೇ ಸತ್ತಿವೆ. ಚರ್ಮ ಸುಕ್ಕುಗಟ್ಟುವಷ್ಟು ಒಣಗಿದ್ದರೆ, ಫ್ರಿಜ್ಜಿನ ಹಿಂದಿನ ಗೋಡೆಗೆ ತಾಗಿ ಹೆಪ್ಪುಗಟ್ಟಿ ಕರಗಿದ್ದರೆ ಹೀಗಾಗುತ್ತದೆ. ಕೊಳೆತಿಲ್ಲದಿದ್ದರೆ ಹುಳಿಗೆ ಹಾಕಬಹುದು. ಬೆಂಡಾದ ಮೂಲಂಗಿಯನ್ನೂ ನಾಲ್ಕು ಸೀಳಿ, ನಡುವಿನ ಹತ್ತಿಯಂಥದ್ದನ್ನು ಕೆತ್ತಿ ತೆಗೆದು, ಸಿಪ್ಪೆಯ ಬದಿಯ ಗಟ್ಟಿ ಭಾಗವನ್ನಷ್ಟೇ ಹುಳಿಗೆ ಬಳಸಿ.

ಬಿಗಿಯಾದದ್ದನ್ನು ಆ ದಿನವೇ ಬಳಸದಿದ್ದರೆ ನೀರಲ್ಲೇ ಇಡಬಹುದು, ಆದರೆ ದಿನಕ್ಕೊಮ್ಮೆ ನೀರು ಬದಲಿಸಬೇಕು. ಇಲ್ಲವೇ ಒರೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತರಕಾರಿ ಡಬ್ಬಿಯಲ್ಲಿಡಿ. ಕ್ಯಾರೆಟ್ ಇರುವ ಬುಟ್ಟಿಯಲ್ಲಿ ಹಣ್ಣಾಗುತ್ತಿರುವ ಬಾಳೆಗೊನೆಯ ಚಿಪ್ಪು ಇಡಬೇಡಿ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ತಾಗಿದರೆ ಕ್ಯಾರೆಟ್ ಕಹಿಯಾಗುತ್ತದೆ, ಆ ಕಹಿ ನೀರಲ್ಲಿ ನೆನೆಸಿದರೆ ಹೋಗುವುದಿಲ್ಲ.