ಕಪ್ಪು ಡೈ ಹಾಕಿದ ಕೂದಲಿಗೆ ಬ್ಲೀಚ್: ಬುಡ ಯಾವಾಗ್ಲೂ ಕೊನೇಲಿ

ಮನೇಲಿ ಬ್ಲೀಚ್ ಮಾಡ್ಕೊಂಡು ಕೆಡಿಸ್ಕೊಂಡೋರ ತಲೆ ನೋಡಿದ್ರೆ ಎಲ್ಲಿಂದ ಶುರು ಮಾಡಿದ್ರು ಅಂತ ಗೊತ್ತಾಗ್ಬಿಡುತ್ತೆ. ಬುಡ ಹಳದಿ, ಮಧ್ಯ ಕಂದು ಪಟ್ಟಿ, ತುದಿ ತಾಮ್ರದ ಬಣ್ಣ. ನೆತ್ತಿಗೆ ಅಂಟಿರೋ ಒಂದು ಸೆಂಟಿಮೀಟರ್‌ಗೆ ಮೈ ಬಿಸಿ ತಾಗುತ್ತೆ, ಅದಕ್ಕೇ ಅಲ್ಲಿ ಬ್ಲೀಚ್ ಬೇಗ ಕೆಲಸ ಮಾಡುತ್ತೆ, ಜೊತೆಗೆ ಅಲ್ಲಿರೋದು ಡೈ ಇಲ್ಲದ ಹೊಸ ಕೂದಲು. ಮಧ್ಯದಲ್ಲಿ ಹಾಗಲ್ಲ, ಪ್ರತಿ ಸಲ ಬುಡಕ್ಕೆ ಡೈ ಹಚ್ಚುವಾಗ ಕೆಳಗೂ ಎಳೆದಿರ್ತೀವಿ, ಪದರದ ಮೇಲೆ ಪದರ ಕೂತಿರುತ್ತೆ, ಅದೇ ಪಟ್ಟಿ ಆಗೋದು.

ಇನ್ನು ತಿಳಿ ಶೇಡಿನ ಬಾಕ್ಸ್ ಕಲರ್ ತಂದು ಹಚ್ಚಬೇಡಿ. ಅದು ಹಳೇ ಡೈ ತೆಗೆಯಲ್ಲ, ಬುಡ ಮಾತ್ರ ಕೆಂಪಾಗುತ್ತೆ.

ಮೊದಲು ಟೆಸ್ಟ್. ಒಳಗಡೆಯಿಂದ ಒಂದೆಳೆ ಕತ್ತರಿಸಿ ಕಲಸಿದ ಬ್ಲೀಚಲ್ಲಿ ಹಾಕಿ ನೋಡಿ. ಬಿಸಿಯಾದ್ರೆ, ನೊರೆ ಉಕ್ಕಿದ್ರೆ, ಹಳೇ ಡೈಯಲ್ಲೋ ಮೆಹಂದಿ ಪುಡಿಯಲ್ಲೋ ಲೋಹದ ಉಪ್ಪು ಇದ್ದಿರಬಹುದು, ಅಲ್ಲಿಗೇ ನಿಲ್ಲಿಸಿ.

ಡೆವಲಪರ್ 20 ವಾಲ್ಯೂಮ್, ಅಂದ್ರೆ 6% ಪೆರಾಕ್ಸೈಡ್, ಸಾಕು. 40 ತಗೋಬೇಡಿ, ಪಟ್ಟಿ ಅದರಿಂದ ಹೋಗಲ್ಲ, ಕೂದಲು ಹೋಗುತ್ತೆ. ಪುಡಿಗೆ ಎಷ್ಟು ಅಂತ ಪ್ಯಾಕೆಟ್ ಮೇಲಿದ್ದಷ್ಟೇ.

ಈಗ ನಿಜವಾದ ಕೆಲಸ. ಎರಡು ವರ್ಷ ತಿಂಗಳಿಗೊಂದ್ಸಲ ಕಪ್ಪು ಹಚ್ಚಿ, ಆಮೇಲೆ ಬಿಟ್ಟು, ಮೂರು ಸೆಂಟಿಮೀಟರ್ ಹೊಸ ಬುಡ ಬಂದಿದೆ ಅನ್ಕೊಳ್ಳಿ. ತೆಳ್ಳಗೆ ಸೆಕ್ಷನ್ ಮಾಡಿ, ಹೊಸ ಬುಡ ಬಿಟ್ಟು ಡೈ ದಟ್ಟವಾಗಿರೋ ಮಧ್ಯಭಾಗಕ್ಕೆ ಮೊದಲು ಹಚ್ಚಿ, ಎರಡೂ ಬದಿ, ಒಣ ಜಾಗ ಒಂದೂ ಉಳೀಬಾರದು, ಯಾಕಂದ್ರೆ ಕಲೆ ಕಲೆ ಆಗೋದು ಜಿಪುಣತನದಿಂದಾನೇ. ಫಾಯಿಲ್ ಮುಚ್ಚಿ. ಹತ್ತು ನಿಮಿಷಕ್ಕೊಂದ್ಸಲ ಒದ್ದೆ ಬಟ್ಟೇಲಿ ಒಂದೆಳೆ ಒರೆಸಿ ನೋಡಿ, ಬ್ಲೀಚ್ ಮೆತ್ತಿರುವಾಗ ನಿಜವಾದ ಬಣ್ಣ ಕಾಣಲ್ಲ. ಮಧ್ಯ ಕೆಂಪು ದಾಟಿ ಕಿತ್ತಳೆಗೆ ತಿರುಗೋಕೆ ಶುರುವಾದ್ಮೇಲೆ ತುದಿ, ಅದೂ ಕಿತ್ತಳೆ ಹತ್ರ ಬಂದ್ಮೇಲೆ ಹೊಸ ಬುಡ. ಬುಡಕ್ಕೆ ಹೊಸದಾಗಿ ಕಲಸಿದ ಬ್ಲೀಚ್ ಬೇಕು, ಆದ್ರೆ ಅಲ್ಲಿಗೆ ಫಾಯಿಲ್ ಬೇಡ, ಪಕ್ಕದಲ್ಲೇ ನಿಂತು ನೋಡ್ತಾ ಇರಿ, ಮಧ್ಯದ ಕಿತ್ತಳೆಗೆ ಸಮ ಬಂದ ತಕ್ಷಣ ತೊಳೆದುಬಿಡಿ. ಹಳದಿ ಬರ್ಲಿ ಅಂತ ಕಾಯಬೇಡಿ. ಪ್ಯಾಕೆಟ್ ಹೇಳಿದ ಟೈಮ್ ಮೀರಿದ್ರೆ ಯಾವ ಭಾಗವಾದ್ರೂ ಅಲ್ಲಿಗೆ ಮುಗೀತು.

ಆಮೇಲೂ ಪಟ್ಟಿ ಉಳಿದ್ರೆ ಎರಡು ವಾರ ಬಿಟ್ಟು, ಆ ಪಟ್ಟಿಯಷ್ಟಕ್ಕೇ ಸಣ್ಣ ಬ್ರಷ್‌ನಲ್ಲಿ ಹಚ್ಚಿ, ಪಕ್ಕಕ್ಕೆ ತಾಗಿಸಬೇಡಿ. ಒದ್ದೆ ಕೂದಲು ರಬ್ಬರಿನ ಹಾಗೆ ಎಳೆದಷ್ಟೂ ಬರ್ತಿದ್ರೆ ಇನ್ನು ಬ್ಲೀಚ್ ಬೇಡ. ಸಮ ಬಂದ ಕಿತ್ತಳೆಗೆ ನೀಲಿ ಟೋನರ್ ಹಾಕಿ, ಒಳ್ಳೇ ಕಂದು ಬರುತ್ತೆ.