ದುಡ್ಡು ತೆಗೆದುಕೊಳ್ಳದೆ ಕಳಿಸುವ ಮಾಲಿಗೆ ಯಾವ ಕಾಗದ?

ಪೀಣ್ಯದಲ್ಲಿ ಸ್ಟೀಲ್ ಬಾಲ್ ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ ಅಂದುಕೊಳ್ಳಿ. ಒಂದೇ ದಿನ ಎರಡು ಪಾರ್ಸೆಲ್ ಹೊರಡಬೇಕು. ಹುಬ್ಬಳ್ಳಿಯ ಹೊಸ ಡೀಲರ್‌ಗೆ 4 ವಾಲ್ವ್, ಸ್ಯಾಂಪಲ್. ಕೊಯಮತ್ತೂರಿನ ಹಳೆಯ ಗಿರಾಕಿಗೆ 40 ವಾಲ್ವ್, ವಾರಂಟಿಯೊಳಗೇ ಸೋರತೊಡಗಿದವುಗಳ ಬದಲಿಗೆ. ಎರಡಕ್ಕೂ ಒಂದು ಪೈಸೆ ತೆಗೆದುಕೊಳ್ಳುತ್ತಿಲ್ಲ. ಹೊರಡುವಾಗ ಎರಡರ ಕಾಗದವೂ ಹೆಚ್ಚುಕಡಿಮೆ ಒಂದೇ. ಲೆಕ್ಕದ ಪುಸ್ತಕಕ್ಕೆ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ. ಅಲ್ಲೇ ಜಾಸ್ತಿ ಜನ ಎಡವುವುದು.

ಮೊದಲು ಒಂದು ಮಾತು. ಎಂದಿನ ಮಾರಾಟದ ಬಿಲ್ ತೆರೆದು ದರದ ಜಾಗದಲ್ಲಿ ಸೊನ್ನೆ ಹಾಕುವುದೋ, ನೂರಕ್ಕೆ ನೂರು ರಿಯಾಯಿತಿ ತೋರಿಸುವುದೋ ಬೇಡ. ಇಲ್ಲಿ ಮಾರಾಟವೇ ಆಗಿಲ್ಲ, ಅಲ್ವಾ? ಬೇಕಾದದ್ದು ಡೆಲಿವರಿ ಚಲನ್. ಜಿಎಸ್‌ಟಿ ನಿಯಮ 55 ಇದಕ್ಕೆಂದೇ ಇದೆ.

ಚಲನ್‌ಗೆ ಬಿಲ್‌ಗಿಂತ ಬೇರೆಯದೇ ಕ್ರಮಸಂಖ್ಯೆ ಇಟ್ಟುಕೊಳ್ಳಿ. ಸಂಖ್ಯೆ 16 ಅಕ್ಷರ ಮೀರಬಾರದು. ದಿನಾಂಕ, ಇಬ್ಬರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಮಾಲಿನ ವಿವರ, ಎಚ್‌ಎಸ್‌ಎನ್ ಕೋಡ್ (ವಾಲ್ವ್‌ಗೆ 8481), ಎಷ್ಟು ನಗ, ಬೆಲೆ, ಕೊನೆಗೆ ಸಹಿ. ಮೂರು ಪ್ರತಿ ತೆಗೆಯಿರಿ: ಮೊದಲನೆಯದು ಮಾಲು ಪಡೆಯುವವರಿಗೆ, ಎರಡನೆಯದು ಲಾರಿಯವರಿಗೆ, ಮೂರನೆಯದು ನಿಮ್ಮ ಫೈಲಿಗೆ.

ಬೆಲೆಯ ಜಾಗದಲ್ಲಿ ಸೊನ್ನೆ ಬರೆಯಬೇಡಿ. ವಾಲ್ವ್ ಒಂದಕ್ಕೆ ನೀವು 1,500 ರೂಪಾಯಿಗೆ ಮಾರುವುದಾದರೆ ಅದನ್ನೇ ಬರೆಯಿರಿ. ದಾರಿಯಲ್ಲಿ ಮಾಲು ಹಾಳಾದರೆ ವಿಮೆ ಕೇಳಲು ಬೆಲೆ ಬೇಕು, ಇ-ವೇ ಬಿಲ್ ಬೇಕೋ ಬೇಡವೋ ನೋಡಲೂ ಬೇಕು. ಅದರ ಕೆಳಗೆ ಕಾರಣವನ್ನು ಬಿಡಿಸಿ ಬರೆಯಿರಿ. ಹುಬ್ಬಳ್ಳಿಯ ಚಲನ್‌ನಲ್ಲಿ: ‘ಉಚಿತ ಸ್ಯಾಂಪಲ್, ಮಾರಾಟಕ್ಕಲ್ಲ.’ ಕೊಯಮತ್ತೂರಿನದರಲ್ಲಿ: ‘ವಾರಂಟಿ ಬದಲಿ ಮಾಲು, ಹಣ ಪಡೆದಿಲ್ಲ’ ಎಂದು ಬರೆದು, ಹಳೆಯ ಬಿಲ್ಲಿನ ನಂಬರ್, ತಾರೀಖು ಮತ್ತು ದೂರಿನ ನಂಬರ್ ಸೇರಿಸಿ. ಮುಂದೆ ಯಾರಾದರೂ ಕೇಳಿದರೆ ಈ ಒಂದು ಸಾಲೇ ನಿಮ್ಮ ಸಾಕ್ಷಿ.

ಹುಬ್ಬಳ್ಳಿಯ ಪಾರ್ಸೆಲ್ 6,000 ರೂಪಾಯಿಯದು. ಚಲನ್ ಇದ್ದರೆ ಸಾಕು. ಕೊಯಮತ್ತೂರಿನದು 60,000 ರೂಪಾಯಿ, ಅಂದರೆ 50,000ದ ಮಿತಿ ದಾಟಿದೆ. ದುಡ್ಡು ಪಡೆಯದಿದ್ದರೂ ಇ-ವೇ ಬಿಲ್ ಬೇಕೇ ಬೇಕು. ಪೋರ್ಟಲ್‌ನಲ್ಲಿ `Outward`, ಅದರ ಕೆಳಗೆ `Others`, ಡಾಕ್ಯುಮೆಂಟ್ ಜಾಗದಲ್ಲಿ `Delivery Challan` ಆರಿಸಿ. ಲಾರಿ ನಂಬರ್ ತುಂಬಲು ಮರೆಯಬೇಡಿ. ಇ-ವೇ ಬಿಲ್ ಇಲ್ಲದ ಲಾರಿಯನ್ನು ಅಧಿಕಾರಿಗಳು ತಡೆದು ನಿಲ್ಲಿಸಬಹುದು, ದಂಡವೂ ಬೀಳುತ್ತದೆ.

ಇನ್ನು ಲೆಕ್ಕ. ಸ್ಯಾಂಪಲ್ ಕೊಟ್ಟದ್ದಕ್ಕೆ ಜಿಎಸ್‌ಟಿ ಕಟ್ಟಬೇಕಿಲ್ಲ. ಆದರೆ ಆ ವಾಲ್ವ್ ಮಾಡಲು ತಂದ ಸಾಮಾನಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ ನಿಮ್ಮದಲ್ಲ. ಕಾಯ್ದೆಯ 17(5)(ಎಚ್) ಕಲಂ ಉಚಿತ ಸ್ಯಾಂಪಲ್‌ಗೆ ಕ್ರೆಡಿಟ್ ಕೊಡುವುದಿಲ್ಲ. ಒಂದು ವಾಲ್ವ್‌ಗೆ 900 ರೂಪಾಯಿಯ ಸಾಮಾನು ಹಿಡಿದಿದೆ, ತೆರಿಗೆ ಶೇ 18 ಎನ್ನೋಣ. ನಾಲ್ಕಕ್ಕೆ 3,600, ಅದರ ಮೇಲಿನ ಕ್ರೆಡಿಟ್ 648 ರೂಪಾಯಿ. ಸಾಮಾನು ಕರ್ನಾಟಕದಲ್ಲೇ ಕೊಂಡದ್ದಾದರೆ ಕೇಂದ್ರದ್ದು 324, ರಾಜ್ಯದ್ದು 324. ಇದನ್ನು ಆ ತಿಂಗಳ `GSTR-3B`ಯ `4(B)(1)` ಸಾಲಿನಲ್ಲಿ ವಾಪಸ್ ತೋರಿಸಬೇಕು. ಸ್ಟಾಕ್ ಪುಸ್ತಕದಲ್ಲೂ ನಾಲ್ಕು ವಾಲ್ವ್ ‘ಸ್ಯಾಂಪಲ್’ ಎಂದೇ ಇಳಿಸಬೇಕು. ಸುಮ್ನೆ ಬಿಟ್ಟರೆ ವರ್ಷದ ಕೊನೆಗೆ ಎಣಿಸಿದಾಗ ಮಾಲು ಕಡಿಮೆ ಬರುತ್ತದೆ, ಬಿಲ್ ಇಲ್ಲದೆ ಮಾರಿದಿರಾ ಎಂಬ ಅನುಮಾನಕ್ಕೂ ದಾರಿಯಾಗುತ್ತದೆ.

ವಾರಂಟಿಯ 40 ವಾಲ್ವ್‌ಗಳ ಕಥೆಯೇ ಬೇರೆ. ಇವಕ್ಕೂ ಜಿಎಸ್‌ಟಿ ಇಲ್ಲ, ಜೊತೆಗೆ ಕ್ರೆಡಿಟ್ಟನ್ನೂ ವಾಪಸ್ ಮಾಡಬೇಕಿಲ್ಲ. ಮೊದಲು ಮಾರಿದಾಗ ತೆಗೆದುಕೊಂಡ ಬೆಲೆಯಲ್ಲೇ ಮುಂದೆ ಬದಲಿಸಿ ಕೊಡುವ ಖರ್ಚೂ ಸೇರಿತ್ತು, ಅದಕ್ಕೆ ತೆರಿಗೆಯೂ ಕಟ್ಟಿ ಆಗಿದೆ. 2023ರ ಜುಲೈನಲ್ಲಿ ಬಂದ 195ನೇ ಸುತ್ತೋಲೆ ಬಿಡಿಭಾಗಗಳಿಗೆ ಇದನ್ನು ಹೇಳಿತು. 2024ರ ಜೂನ್‌ನಲ್ಲಿ 216ನೆಯದು ಪೂರ್ತಿ ಮಾಲು ಬದಲಿಸಿದರೂ ಇದೇ ಲೆಕ್ಕ ಎಂದಿತು. ಬದಲಿಗೆ ಅಂತ ಸ್ವಲ್ಪ ಹಣ ತೆಗೆದುಕೊಂಡರೆ ಆ ಹಣಕ್ಕೆ ಬಿಲ್ ಮಾಡಿ ತೆರಿಗೆ ಕಟ್ಟಬೇಕು.

ವಾರಂಟಿ ಮುಗಿದ ಮೇಲೆ ಗಿರಾಕಿಯ ಮುಖ ನೋಡಿ ಸುಮ್ನೆ ಕೊಡುವ ಮಾಲನ್ನು ಈ ಸಾಲಿಗೆ ಸೇರಿಸಬೇಡಿ. ಆ ಸುತ್ತೋಲೆಗಳು ವಾರಂಟಿ ಇದ್ದಾಗಿನ ಮಾತು. ಅಂಥದ್ದನ್ನು ಉಡುಗೊರೆಯಂತೆ ಎಣಿಸಿ ಕ್ರೆಡಿಟ್ ವಾಪಸ್ ಮಾಡುವುದೇ ಒಳ್ಳೆಯದು. ಹಾಗಾಗಿ ವಾರಂಟಿ ಕಾರ್ಡಿನ ಪ್ರತಿಯನ್ನು ಚಲನ್‌ಗೆ ಪಿನ್ ಮಾಡಿ ಇಡಿ. ಕೆಟ್ಟ ವಾಲ್ವ್‌ಗಳು ಹಿಂದಕ್ಕೆ ಬರುವಾಗ ಕೊಯಮತ್ತೂರಿನವರೂ ಅವರ ಚಲನ್ ಕಳಿಸಲಿ. ಎರಡೂ ಒಂದೇ ಫೈಲಿನಲ್ಲಿರಲಿ.

ತಿಂಗಳ `GSTR-1` ತುಂಬುವಾಗ 13ನೇ ಟೇಬಲ್‌ನಲ್ಲಿ ಈ ಚಲನ್‌ಗಳ ಸಂಖ್ಯೆಯೂ ಹೋಗಬೇಕು. ಬೇರೆ ರಾಜ್ಯದಲ್ಲಿರುವ ನಿಮ್ಮದೇ ಶಾಖೆಗೆ ಕಳಿಸುವುದಾದರೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಆ ಶಾಖೆಗೆ ಬೇರೆ ಜಿಎಸ್‌ಟಿ ನಂಬರ್ ಇರುತ್ತದೆ. ಕಾನೂನು ಅದನ್ನು ಬೇರೆ ವ್ಯಕ್ತಿ ಎಂದೇ ನೋಡುತ್ತದೆ. ಅಲ್ಲಿಗೆ ದುಡ್ಡು ತೆಗೆದುಕೊಳ್ಳದೆ ಮಾಲು ಕಳಿಸಿದರೂ ತೆರಿಗೆ ಸಮೇತ ಬಿಲ್ ಮಾಡಲೇಬೇಕು.